ಮಗಳ ಹಿಂದಿ ವರ್ಕ್‌ಶೀಟ್: ತಿಂದವನು ಹುಡುಗ, ಹಾಗಾದರೆ ‘ಖಾಯೀ’ ಏಕೆ?

ತುಮಕೂರಿನ ಅಮ್ಮ

ಮಗಳು ಏಳನೇ ಕ್ಲಾಸು, ಹಿಂದಿ ಮೂರನೇ ಭಾಷೆ. ಈ ವಾರ ಒಂದು ವರ್ಕ್‌ಶೀಟ್ ಮಾಡಿದ್ದಾಳೆ. ವರ್ತಮಾನ ಕಾಲದ ವಾಕ್ಯಗಳನ್ನು ಸಾಮಾನ್ಯ ಭೂತಕಾಲಕ್ಕೆ ಬದಲಿಸಬೇಕಿತ್ತು. ಆರರಲ್ಲಿ ಒಂದು ಮಾತ್ರ ಸರಿ ಬಂದಿದೆ. ಟೀಚರ್ ಕೆಂಪು ಗೀಟು ಹಾಕಿದ್ದಾರೆ, ಸರಿ ಉತ್ತರ ಬರೆದಿಲ್ಲ. ಅವಳು ಬರೆದದ್ದನ್ನು ಹಾಗೇ ಕೊಡುತ್ತಿದ್ದೇನೆ.

1. ಲಡ್ಕಾ ರೋಟೀ ಖಾತಾ ಹೈ. → ಲಡ್ಕಾ ನೇ ರೋಟೀ ಖಾಯಾ. (ತಪ್ಪು)
2. ಸೀತಾ ಆಮ್ ಖಾತೀ ಹೈ. → ಸೀತಾ ನೇ ಆಮ್ ಖಾಯೀ. (ತಪ್ಪು)
3. ಮಾಂ ಬಾಜಾರ್ ಜಾತೀ ಹೈ. → ಮಾಂ ಬಾಜಾರ್ ಗಯೀ. (ಸರಿ)
4. ವೇ ಚಾಯ್ ಪೀತೇ ಹೈಂ. → ಉನ್ ನೇ ಚಾಯ್ ಪಿಯೇ. (ತಪ್ಪು)
5. ಸೀತಾ ಕಿತಾಬೇಂ ಲಾತೀ ಹೈ. → ಸೀತಾ ನೇ ಕಿತಾಬೇಂ ಲಾಯೀಂ. (ತಪ್ಪು)
6. ಅಧ್ಯಾಪಕ್ ಲಡ್ಕಿಯೋಂ ಕೋ ಬುಲಾತೇ ಹೈಂ. → ಅಧ್ಯಾಪಕ್ ನೇ ಲಡ್ಕಿಯೋಂ ಕೋ ಬುಲಾಯೇ. (ತಪ್ಪು)

ಮೊದಲನೆಯದಕ್ಕೆ ‘ಖಾಯೀ’ ಆಗಬೇಕು ಎಂದು ಅವಳ ಗೆಳತಿ ಹೇಳಿದಳಂತೆ. ತಿಂದವನು ಹುಡುಗ ಅಲ್ವಾ, ‘ಖಾಯೀ’ ಹೇಗೆ ಬರುತ್ತದೆ ಎಂದು ಮಗಳು ಕೇಳುತ್ತಿದ್ದಾಳೆ. ನಾನು ಹಿಂದಿ ಓದಿಲ್ಲ. ಸುಮ್ನೆ ಬಾಯಿಪಾಠ ಮಾಡು ಅನ್ನೋಕೆ ಮನಸ್ಸಿಲ್ಲ. ಯಾರಾದರೂ ಬಿಡಿಸಿ ಹೇಳುತ್ತೀರಾ?

ಕೋಲಾರದ ಚಿನ್ನ

ಇದು ತುಂಬಾ ಸುಲಭ. ಭೂತಕಾಲ ಬಂದರೆ ಕರ್ತೃವಿಗೆ ‘ನೇ’ ಹಾಕಬೇಕು. ‘ನೇ’ ಹಾಕಿದ ಮೇಲೆ ಕ್ರಿಯಾಪದ ಕರ್ಮವನ್ನು ನೋಡುತ್ತದೆ. ರೋಟೀ ಹೆಣ್ಣು, ಅದಕ್ಕೇ ಖಾಯೀ. ಆಮ್ ಗಂಡು, ಅದಕ್ಕೇ ಖಾಯಾ. ವಾಕ್ಯದಲ್ಲಿ ‘ಕೋ’ ಇದ್ದರೆ ಕಣ್ಣು ಮುಚ್ಚಿಕೊಂಡು ‘ಆ’ ಹಾಕಿ, ಬುಲಾಯಾ. ನಮ್ಮ ಟ್ಯೂಷನ್‌ನಲ್ಲಿ ಹೇಳಿಕೊಟ್ಟಿದ್ದು ಇಷ್ಟೇ. ಪರೀಕ್ಷೆಗೆ ಇದು ಸಾಕು.

ತುಮಕೂರಿನ ಅಮ್ಮ

ಥ್ಯಾಂಕ್ಸ್. ಆದರೆ ಮೂರನೆಯದರಲ್ಲಿ ‘ನೇ’ ಇಲ್ಲವಲ್ಲ, ಅದೂ ಭೂತಕಾಲವೇ. ಐದನೆಯದರಲ್ಲಿ ಅವಳು ನೀವು ಹೇಳಿದ ಹಾಗೇ ಮಾಡಿದ್ದಾಳೆ, ಅದಕ್ಕೂ ಗೀಟು ಬಿದ್ದಿದೆ.

ನಿವೃತ್ತ ಹಿಂದಿ ಮೇಷ್ಟ್ರು

ಅಮ್ಮಾ, ಮೊದಲು ಮಗಳ ತಪ್ಪುಗಳನ್ನು ನೋಡಿ. ಐದು ತಪ್ಪು ಎಂದು ಎಣಿಸಬೇಡಿ. 1, 2, 4 ಮತ್ತು 6ರಲ್ಲಿ ಅವಳು ಮಾಡಿದ್ದು ಒಂದೇ ಕೆಲಸ. ಹುಡುಗ ತಿಂದ, ಅದಕ್ಕೇ ಖಾಯಾ. ಸೀತೆ ತಿಂದಳು, ಅದಕ್ಕೇ ಖಾಯೀ. ಅವರು ಕುಡಿದರು, ಅದಕ್ಕೇ ಪಿಯೇ. ಅಧ್ಯಾಪಕರು ಕರೆದರು, ಅದಕ್ಕೇ ಬುಲಾಯೇ. ಕನ್ನಡದ ತಿಂದನು, ತಿಂದಳು, ಕುಡಿದರು ಎಂಬ ಲೆಕ್ಕವನ್ನು ಹಿಂದಿಗೆ ತಪ್ಪದೆ ಹಾಕಿದ್ದಾಳೆ. ಐದನೆಯದು ಬೇರೆ ಜಾತಿಯ ತಪ್ಪು. ಅದನ್ನು ಕೊನೆಗೆ ಹೇಳುತ್ತೇನೆ.

ನಾನು ಮಕ್ಕಳಿಗೆ ಹೇಳುತ್ತಿದ್ದ ಮಾತು ಇದು: ಹಿಂದಿಯ ಕ್ರಿಯಾಪದ ವಿಭಕ್ತಿ ಅಂಟಿಕೊಂಡ ನಾಮಪದವನ್ನು ನೋಡುವುದೇ ಇಲ್ಲ. ವಿಭಕ್ತಿ ಇಲ್ಲದೆ ಬರಿದಾಗಿ ನಿಂತ ನಾಮಪದವನ್ನು ಹುಡುಕುತ್ತದೆ. ಮೊದಲು ಕರ್ತೃವನ್ನು ನೋಡುತ್ತದೆ. ಕರ್ತೃ ಬರಿದಾಗಿದ್ದರೆ ಅದರ ಜೊತೆ ಹೋಗುತ್ತದೆ. ಕರ್ತೃವಿಗೆ ‘ನೇ’ ಅಂಟಿದ್ದರೆ ಕರ್ಮಕ್ಕೆ ಬರುತ್ತದೆ. ಕರ್ಮಕ್ಕೂ ‘ಕೋ’ ಅಂಟಿದ್ದರೆ ಯಾರ ಜೊತೆಗೂ ಹೋಗದೆ ಪುಲ್ಲಿಂಗ ಏಕವಚನದಲ್ಲಿ ನಿಂತುಬಿಡುತ್ತದೆ.

ಇದನ್ನು ಹಿಡಿದುಕೊಂಡು ನೋಡಿ.

1ರಲ್ಲಿ ‘ಲಡ್ಕಾ’ಗೆ ‘ನೇ’ ಬರುತ್ತದೆ. ‘ನೇ’ ಬಂದ ಕೂಡಲೇ ‘ಲಡ್ಕಾ’ ಎಂಬುದು ‘ಲಡ್ಕೇ’ ಆಗುತ್ತದೆ. ಇದು ಒಬ್ಬನೇ ಹುಡುಗ, ಬಹುವಚನ ಅಲ್ಲ. ಬರಿದಾಗಿ ಉಳಿದದ್ದು ರೋಟೀ. ಹಾಗಾಗಿ ‘ಲಡ್ಕೇ ನೇ ರೋಟೀ ಖಾಯೀ’. ಎರಡು ರೊಟ್ಟಿ ತಿಂದರೆ ‘ಲಡ್ಕೇ ನೇ ದೋ ರೋಟಿಯಾಂ ಖಾಯೀಂ’.

2ರಲ್ಲಿ ಬರಿದಾಗಿರುವುದು ಆಮ್, ಪುಲ್ಲಿಂಗ. ‘ಸೀತಾ ನೇ ಆಮ್ ಖಾಯಾ’. ಸೀತೆ ಹೆಣ್ಣು ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ.

4ರಲ್ಲಿ ‘ವೇ’ ಎಂಬುದಕ್ಕೆ ‘ನೇ’ ಸೇರಿದರೆ ‘ಉನ್ಹೋಂನೇ’. ಚಾಯ್ ಸ್ತ್ರೀಲಿಂಗ. ‘ಉನ್ಹೋಂನೇ ಚಾಯ್ ಪೀ’. ಅದೇ ದೂಧ್ ಆಗಿದ್ದರೆ ‘ಪಿಯಾ’.

6ರಲ್ಲಿ ಅಧ್ಯಾಪಕರಿಗೆ ‘ನೇ’, ಹುಡುಗಿಯರಿಗೆ ‘ಕೋ’. ಬರಿದಾಗಿ ಯಾರೂ ಇಲ್ಲ. ‘ಅಧ್ಯಾಪಕ್ ನೇ ಲಡ್ಕಿಯೋಂ ಕೋ ಬುಲಾಯಾ’. ಗೌರವದ ಬಹುವಚನವೂ ಇಲ್ಲಿ ಕೆಲಸ ಮಾಡುವುದಿಲ್ಲ, ಯಾಕೆಂದರೆ ಕ್ರಿಯಾಪದ ಅಧ್ಯಾಪಕರ ಕಡೆ ನೋಡುತ್ತಲೇ ಇಲ್ಲ.

3ರಲ್ಲಿ ‘ಹೋಗು’ ಅಕರ್ಮಕ. ಅದಕ್ಕೆ ‘ನೇ’ ಬರುವುದಿಲ್ಲ. ಮಾಂ ಬರಿದಾಗಿದ್ದಾಳೆ, ‘ಗಯೀ’.

ಕೋಲಾರದವರು ಹೇಳಿದ್ದರಲ್ಲಿ ಎರಡು ಕಡೆ ತಿದ್ದಬೇಕು. ಭೂತಕಾಲ ಎಂದರೆ ಸಾಕಾಗುವುದಿಲ್ಲ. ‘ಖಾಯಾ’, ‘ಖಾಯಾ ಹೈ’, ‘ಖಾಯಾ ಥಾ’, ‘ಖಾಯಾ ಹೋಗಾ’ ಇವಕ್ಕೆ ‘ನೇ’ ಬೇಕು. ‘ಖಾತಾ ಥಾ’, ‘ಖಾ ರಹಾ ಥಾ’ ಕೂಡ ಹಿಂದೆ ನಡೆದದ್ದೇ, ಆದರೆ ಅವಕ್ಕೆ ‘ನೇ’ ಇಲ್ಲ. ‘ಲಡ್ಕಾ ರೋಟೀ ಖಾತಾ ಥಾ’ ಅಷ್ಟೇ. ಇನ್ನೊಂದು, ‘ಕೋ’ ಕಂಡ ಕೂಡಲೇ ‘ಆ’ ಹಾಕಿದರೆ ಮಗು ಈ ವಾಕ್ಯದಲ್ಲಿ ಬೀಳುತ್ತದೆ: ‘ರಾಮ್ ನೇ ಸೀತಾ ಕೋ ಕಿತಾಬ್ ದೀ’.

ಕೋಲಾರದ ಚಿನ್ನ

ಮೇಷ್ಟ್ರೇ, ಅಲ್ಲಿ ‘ಕೋ’ ಇದೆಯಲ್ಲ. ‘ದಿಯಾ’ ಆಗಬೇಡವೇ?

ನಿವೃತ್ತ ಹಿಂದಿ ಮೇಷ್ಟ್ರು

‘ಕೋ’ ಯಾರಿಗೆ ಅಂಟಿದೆ ನೋಡಿ. ಸೀತೆಗೆ. ಕೊಟ್ಟದ್ದು ಕಿತಾಬ್, ಅದು ಬರಿದಾಗಿ ನಿಂತಿದೆ. ಹಾಗಾಗಿ ‘ದೀ’. ಎರಡು ಪುಸ್ತಕ ಕೊಟ್ಟರೆ ‘ದೋ ಕಿತಾಬೇಂ ದೀಂ’. ವಾಕ್ಯದಲ್ಲಿ ‘ಕೋ’ ಇದೆಯೇ ಎಂದು ಹುಡುಕಬಾರದು, ಬರಿದಾದ ನಾಮಪದ ಉಳಿದಿದೆಯೇ ಎಂದು ಹುಡುಕಬೇಕು. ಕೊಡು, ತೋರಿಸು, ಹೇಳಿಕೊಡು ಇಂಥ ಕ್ರಿಯೆಗಳಲ್ಲೆಲ್ಲ ಈ ತೊಡಕು ಬರುತ್ತದೆ. ‘ಮಾಂ ನೇ ಬಚ್ಚೇ ಕೋ ಕಹಾನೀ ಸುನಾಯೀ’. ಪರೀಕ್ಷೆಯಲ್ಲಿ ಇಂಥ ವಾಕ್ಯ ಬರುವುದು ಜಾಸ್ತಿ.

ಕೋಲಾರದ ಚಿನ್ನ

ಸರಿ, ಗೊತ್ತಾಯಿತು. ಕೊಡುವುದು ಬಂದಾಗ ‘ಕೋ’ ಯಾರಿಗೆ ಅಂಟಿದೆ ಎಂದು ನೋಡಿ ಮುಂದಕ್ಕೆ ಹೋಗಬೇಕು.

ಕಾರ್ಕಳದ ಕಡಲು

ನನಗೆ ಒಂದು ಅನುಮಾನ. ‘ರಾಮ್ ನೇ’ ಅಂದರೆ ನಮ್ಮ ‘ರಾಮನೇ’ ಅಲ್ಲವೇ? ಬೇರೆ ಯಾರೂ ಅಲ್ಲ, ರಾಮನೇ ತಿಂದದ್ದು ಎಂದು ಒತ್ತಿ ಹೇಳಲು ಹಾಕುವುದು ಎಂದುಕೊಂಡಿದ್ದೆ. ಒತ್ತು ಬೇಡವಾದರೆ ಬಿಡಬಹುದು ಅಲ್ವಾ?

ಮೈಸೂರು ವ್ಯಾಕರಣ

ಇಲ್ಲ ಕಾರ್ಕಳದವರೇ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಬರೆಯುವ ಹಿಂದಿಯಲ್ಲಿ ‘ನೇ’ ಬಿಡುವ ಹಾಗಿಲ್ಲ. ರಾಮನೇ ತಿಂದ ಎಂದು ಒತ್ತಿ ಹೇಳಬೇಕಾದರೆ ‘ಹೀ’ ಬೇರೆ ಸೇರಿಸಬೇಕು, ‘ರಾಮ್ ನೇ ಹೀ ರೋಟೀ ಖಾಯೀ’. ಆದರೆ ನಿಮ್ಮ ಹಾಗೆ ಅಂದುಕೊಳ್ಳುವ ಕನ್ನಡದ ಮಕ್ಕಳು ಬೇಕಾದಷ್ಟು ಇದ್ದಾರೆ. ‘ರಾಮ್ ನೇ ಆಯಾ’ ಎಂದು ಬರೆಯುವವರಲ್ಲಿ ಕೆಲವರು ಬರೆಯುವುದು ಇದೇ ಕಾರಣಕ್ಕೆ.

ಅಮ್ಮನವರ ಪ್ರಶ್ನೆಗೆ ನಾನೊಂದು ಸೇರಿಸುತ್ತೇನೆ. ಮಗಳು ‘ತಿಂದವನು ಹುಡುಗ ಅಲ್ವಾ’ ಎಂದು ಕೇಳಿದಳಲ್ಲ. ಕನ್ನಡದಲ್ಲೂ ಕ್ರಿಯಾಪದ ಯಾವಾಗಲೂ ಮನುಷ್ಯನ ಹಿಂದೆ ಹೋಗುವುದಿಲ್ಲ ಎಂದು ಅವಳಿಗೆ ತೋರಿಸಿ. ‘ನನಗೆ ಪುಸ್ತಕ ಸಿಕ್ಕಿತು’ ಎನ್ನುತ್ತೇವೆ. ಸಿಕ್ಕಿದ್ದು ನನಗೇ ಆದರೂ ‘ಸಿಕ್ಕಿದೆನು’ ಎಂದು ಯಾರೂ ಹೇಳುವುದಿಲ್ಲ. ‘ನನಗೆ ಇಬ್ಬರು ಗೆಳತಿಯರು ಸಿಕ್ಕಿದರು’, ‘ಅಣ್ಣನಿಗೆ ಹಸಿವಾಯಿತು’. ಇಲ್ಲೆಲ್ಲ ಮನುಷ್ಯನಿಗೆ ‘ಗೆ’, ‘ಇಗೆ’ ಅಂಟಿದೆ. ಕ್ರಿಯಾಪದ ಬರಿದಾದ ಪದದ ಜೊತೆ ಹೋಗಿದೆ. ಹಿಂದಿಯಲ್ಲೂ ‘ಮುಝೇ ಕಿತಾಬ್ ಮಿಲೀ’. ಮೇಷ್ಟ್ರು ಹೇಳಿದ ಮಾತನ್ನು ಮಗು ಕನ್ನಡದಲ್ಲಿ ದಿನವೂ ಪಾಲಿಸುತ್ತಿದೆ. ಹಿಂದಿ ಅದನ್ನು ತಿನ್ನು, ಓದು, ನೋಡು ಎಂಬ ಕ್ರಿಯೆಗಳಿಗೂ ಹಚ್ಚುತ್ತದೆ, ಅಷ್ಟೇ ವ್ಯತ್ಯಾಸ.

ಧಾರವಾಡದ ಟೀಚರಮ್ಮ

ನಾನು ಹೈಸ್ಕೂಲಿನಲ್ಲಿ ಹಿಂದಿ ಕಲಿಸುತ್ತೇನೆ. ನನ್ನ ದಾರಿ ಬೇರೆ. ‘ಹುಡುಗನಿಂದ ರೊಟ್ಟಿ ತಿನ್ನಲ್ಪಟ್ಟಿತು’ ಎಂದು ಮನಸ್ಸಿನಲ್ಲಿ ಹೇಳಿಕೊಳ್ಳಿ ಎನ್ನುತ್ತೇನೆ. ‘ನೇ’ ಎಂದರೆ ‘ಇಂದ’. ಸಂಸ್ಕೃತ ತೆಗೆದುಕೊಂಡ ಮಕ್ಕಳಿಗೆ ‘ಬಾಲಕೇನ ರೋಟಿಕಾ ಖಾದಿತಾ’ ಎಂದರೆ ತಕ್ಷಣ ಹೊಳೆಯುತ್ತದೆ. ಆ ‘ಏನ’ ಎಂಬುದೇ ತಿರುಗಿ ‘ನೇ’ ಆಯಿತು.

ಮೈಸೂರು ವ್ಯಾಕರಣ

ಮೇಡಂ, ಅರ್ಧ ಒಪ್ಪುತ್ತೇನೆ. ‘ಖಾಯೀ’ ಎಂಬ ರೂಪ ಸಂಸ್ಕೃತದ ‘ಖಾದಿತಾ’ದಂಥ ಕೃದಂತದಿಂದ ಬಂದದ್ದು ನಿಜ. ಅದಕ್ಕೇ ಅದಕ್ಕೆ ವಿಶೇಷಣದ ಹಾಗೆ ಲಿಂಗ, ವಚನ ಇವೆ. ನಾನು, ನೀನು ಎಂಬ ಪುರುಷಭೇದ ಇಲ್ಲ. ಆದರೆ ‘ಏನ’ ತಿರುಗಿ ‘ನೇ’ ಆಯಿತು ಎಂಬುದನ್ನು ಭಾಷೆಯ ಚರಿತ್ರೆ ಓದಿದವರಲ್ಲಿ ಬಹಳ ಜನ ಒಪ್ಪುವುದಿಲ್ಲ. ‘ನೇ’ ಹಿಂದಿಗೆ ತಡವಾಗಿ ಬಂದು ಸೇರಿದ ಪ್ರತ್ಯಯ ಎಂದು ಅವರ ವಾದ. ಎಲ್ಲಿಂದ ಬಂತು ಎಂಬುದರಲ್ಲಿ ಒಮ್ಮತ ಇಲ್ಲ.

ಇನ್ನು, ಈಗಿನ ಹಿಂದಿಯಲ್ಲಿ ಕರ್ಮಣಿ ಪ್ರಯೋಗ ಬೇರೆಯೇ ಇದೆ, ‘ಲಡ್ಕೇ ಸೇ ರೋಟೀ ಖಾಯೀ ಗಯೀ’. ‘ನೇ’ ಎಂದರೆ ‘ಇಂದ’ ಎಂದು ಕಲಿತ ಮಗು ಮುಂದಿನ ವರ್ಷ ವಾಚ್ಯ ಪರಿವರ್ತನೆ ಬಂದಾಗ ‘ಲಡ್ಕೇ ನೇ ರೋಟೀ ಖಾಯೀ ಗಯೀ’ ಎಂದು ಬರೆಯುತ್ತದೆ.

ಧಾರವಾಡದ ಟೀಚರಮ್ಮ

ಬರೆಯುತ್ತವೆ, ಇಲ್ಲ ಎನ್ನುವುದಿಲ್ಲ. ಆದರೆ ಅಷ್ಟರಲ್ಲಿ ಲಿಂಗ ಹೊಂದಿಸುವುದು ಕೈಗೆ ಬಂದಿರುತ್ತದೆ. ನಲವತ್ತೈದು ನಿಮಿಷದ ಪೀರಿಯಡ್ಡಿನಲ್ಲಿ ಐವತ್ತು ಮಕ್ಕಳಿಗೆ ಮುಟ್ಟಿಸಬೇಕಾದಾಗ ನಾನು ಈ ದಾರಿಯನ್ನೇ ಹಿಡಿಯುತ್ತೇನೆ. ‘ನನಗೆ ಸಿಕ್ಕಿತು’ ಉದಾಹರಣೆ ಚೆನ್ನಾಗಿದೆ, ಅದನ್ನೂ ಹೇಳಿ ನೋಡುತ್ತೇನೆ. ಕೈಬಿಡುತ್ತೇನೆ ಎಂದು ಮಾತ್ರ ಹೇಳಲಾರೆ.

ಕಲಬುರಗಿ ಮಂದಿ

ನಮ್ಮ ಕಡೆ ತೊಂದರೆ ಬೇರೆ ಇದೆ. ನಮ್ಮ ಓಣಿಯ ಹುಡುಗರಿಗೆ ಹಿಂದಿ ಬರ್ತದ ಅಂತ ಎಲ್ಲರೂ ತಿಳಿದಾರ. ಅವರಿಗೆ ಬರೋದು ದಖನಿ. ಅದರಾಗ ಹುಡುಗ ‘ಮೈಂ ರೋಟೀ ಖಾಯಾ’ ಅಂತಾನ, ಹುಡುಗಿ ‘ಮೈಂ ರೋಟೀ ಖಾಯೀ’ ಅಂತಾಳ. ‘ನೇ’ ಇಲ್ಲ. ಕ್ರಿಯಾಪದ ಕನ್ನಡದ ಹಾಗೇ ತಿಂದವರ ಹಿಂದೆ ಹೋಗ್ತದ. ಸರಾಗ ಮಾತಾಡೋ ಹುಡುಗನಿಗೆ ಪರೀಕ್ಷೆಯಲ್ಲಿ ನಂಬರ್ ಬರೋದಿಲ್ಲ. ಮನೆಯವರಿಗೆ ಯಾಕ ಅಂತ ತಿಳಿಯೋದಿಲ್ಲ. ದಖನಿ ತಪ್ಪಲ್ಲ, ಅದರ ನಿಯಮ ಬೇರೆ. ಅಷ್ಟು ಹೇಳಿದರೆ ಹುಡುಗರು ಎರಡನ್ನೂ ಬೇರೆ ಬೇರೆ ಇಟ್ಟುಕೊಳ್ತಾರ.

ಬೆಳಗಾವಿ ಕುಂದಾ

ನಮ್ಮಲ್ಲಿ ಮರಾಠಿ ಬಲ್ಲ ಮಕ್ಕಳಿಗೆ ಇದು ಅಷ್ಟು ಕಷ್ಟ ಆಗುವುದಿಲ್ಲ. ‘ರಾಮಾನೇ ಪೋಳೀ ಖಾಲ್ಲೀ’, ‘ರಾಮಾನೇ ಆಂಬಾ ಖಾಲ್ಲಾ’. ಅಲ್ಲೂ ಇದೇ ಕ್ರಮ. ಆದರೆ ಮರಾಠಿಯಲ್ಲಿ ‘ಮೀ ಪೋಳೀ ಖಾಲ್ಲೀ’, ನಾನು ಎಂಬುದಕ್ಕೆ ‘ನೇ’ ಬರುವುದಿಲ್ಲ. ಹಾಗಾಗಿ ನನ್ನ ಮಗ ‘ಮೈಂ ರೋಟೀ ಖಾಯೀ’ ಎಂದು ಬರೆದು ಬರುತ್ತಾನೆ. ‘ಮೈಂನೇ’ ಎಂದು ತಿದ್ದಿ ತಿದ್ದಿ ಸಾಕಾಗಿದೆ. ಇನ್ನೊಂದು, ತರುವುದು ಎಂಬುದಕ್ಕೆ ಮರಾಠಿಯಲ್ಲಿ ‘ನೇ’ ಬರುತ್ತದೆ. ಹಿಂದಿಯಲ್ಲಿ ಬರುವುದಿಲ್ಲ ಎಂದು ಅವನ ಟೀಚರ್ ಹೇಳಿದರು. ಯಾಕೆ ಎಂದು ಅವರೂ ಹೇಳಲಿಲ್ಲ.

ತುಮಕೂರಿನ ಅಮ್ಮ

ಹೌದು, ನನ್ನ ಮಗಳ ಐದನೇ ವಾಕ್ಯವೂ ಅದೇ. ಮೇಷ್ಟ್ರು ಕೊನೆಗೆ ಹೇಳುತ್ತೇನೆ ಎಂದಿದ್ದರು.

ನಿವೃತ್ತ ಹಿಂದಿ ಮೇಷ್ಟ್ರು

ಹೇಳುತ್ತೇನೆ. ಐದರಲ್ಲಿ ಮಗಳ ಲೆಕ್ಕ ಪೂರ್ತಿ ಸರಿ ಇದೆ. ‘ನೇ’ ಹಾಕಿದಳು, ಕಿತಾಬೇಂ ಸ್ತ್ರೀಲಿಂಗ ಬಹುವಚನ ಎಂದು ನೋಡಿ ‘ಲಾಯೀಂ’ ಎಂದಳು. ಕ್ರಿಯಾಪದ ಮಾತ್ರ ಕೈಕೊಟ್ಟಿತು. ‘ಲಾನಾ’ ಸಕರ್ಮಕ ಆದರೂ ‘ನೇ’ ತೆಗೆದುಕೊಳ್ಳುವುದಿಲ್ಲ. ‘ನೇ’ ಇಲ್ಲದ ಮೇಲೆ ಸೀತೆ ಬರಿದಾಗಿದ್ದಾಳೆ. ಕ್ರಿಯಾಪದ ಅವಳ ಜೊತೆ ಹೋಗುತ್ತದೆ. ‘ಸೀತಾ ಕಿತಾಬೇಂ ಲಾಯೀ’. ರಮೇಶ ತಂದರೆ ‘ರಮೇಶ್ ಕಿತಾಬೇಂ ಲಾಯಾ’.

ಯಾಕೆ ಎಂದರೆ, ‘ಲಾನಾ’ ಎಂಬುದು ‘ಲೇ ಆನಾ’ ಕೂಡಿ ಆದದ್ದು. ತೆಗೆದುಕೊಂಡು ಬರುವುದು. ಎರಡು ಕ್ರಿಯೆ ಕೂಡಿದಾಗ ‘ನೇ’ ಬೇಕೇ ಬೇಡವೇ ಎಂದು ಸಾಮಾನ್ಯವಾಗಿ ಕೊನೆಯ ಕ್ರಿಯೆ ಹೇಳುತ್ತದೆ. ‘ಬರು’ ಅಕರ್ಮಕ, ಹಾಗಾಗಿ ‘ನೇ’ ಇಲ್ಲ. ಇದು ಗೊತ್ತಿದ್ದರೆ ಇನ್ನೂ ಕೆಲವು ತಾವಾಗಿ ಬಿಡಿಸಿಕೊಳ್ಳುತ್ತವೆ. ‘ಲಡ್ಕೇ ನೇ ರೋಟೀ ಖಾ ಲೀ’, ಇಲ್ಲಿ ಕೊನೆಯದು ‘ಲೇನಾ’, ಸಕರ್ಮಕ. ‘ಲಡ್ಕಾ ರೋಟೀ ಖಾ ಗಯಾ’, ಕೊನೆಯದು ‘ಜಾನಾ’. ‘ಲಡ್ಕಾ ರೋಟೀ ಖಾ ಚುಕಾ’, ‘ಲಡ್ಕಾ ರೋಟೀ ಖಾನೇ ಲಗಾ’, ಇವಕ್ಕೂ ‘ನೇ’ ಇಲ್ಲ. ಮೊದಲ ಕ್ರಿಯೆ ಅಕರ್ಮಕವಾದರೂ ‘ನೇ’ ಬಿದ್ದುಹೋಗುತ್ತದೆ, ‘ವಹ್ ಚಲ್ ದಿಯಾ’ ಎನ್ನುತ್ತೇವೆ.

‘ಲಾನಾ’ ಜೊತೆ ‘ಬೋಲ್ನಾ’, ‘ಭೂಲ್ನಾ’ ಎರಡನ್ನೂ ನೆನಪಿಟ್ಟುಕೊಳ್ಳಲಿ. ‘ಮಾಂ ಬೋಲೀ ಕಿ’ ಎನ್ನಬೇಕು, ಆದರೆ ‘ಮಾಂ ನೇ ಕಹಾ ಕಿ’. ಹೇಳಿದ್ದು ಅಮ್ಮನೇ ಆದರೂ ಎರಡನೆಯದರಲ್ಲಿ ‘ಕಹಾ’. ‘ಕಿ’ ಆದ ಮೇಲಿನ ಮಾತೆಲ್ಲ ಕರ್ಮ, ಅದಕ್ಕೆ ಲಿಂಗ ಇಲ್ಲ, ಪುಲ್ಲಿಂಗ ಏಕವಚನವೇ ಗತಿ.

ಬೆಳಗಾವಿ ಕುಂದಾ

‘ಉಸ್‌ನೇ ಝೂಠ್ ಬೋಲಾ’ ಎಂದು ಟೀವಿಯಲ್ಲಿ ದಿನಾ ಕೇಳುತ್ತೇನಲ್ಲ ಮೇಷ್ಟ್ರೇ?

ನಿವೃತ್ತ ಹಿಂದಿ ಮೇಷ್ಟ್ರು

ಹೌದು, ‘ಝೂಠ್’ ಎಂಬ ಕರ್ಮ ಬಂದಾಗ ಹಾಗೂ ಹೇಳುತ್ತಾರೆ, ಅದನ್ನು ತಪ್ಪೆನ್ನಲಾಗದು. ‘ಸಮಝ್ನಾ’ ಕೂಡ ಹೀಗೇ, ‘ಮೈಂ ಸಮಝಾ’ ಮತ್ತು ‘ಮೈಂನೇ ಸಮಝಾ’ ಎರಡೂ ನಡೆಯುತ್ತವೆ. ಇನ್ನೊಂದು ಕಡೆ ‘ಛೀಂಕ್ನಾ’ ಅಕರ್ಮಕ ಆದರೂ ‘ಉಸ್‌ನೇ ಛೀಂಕಾ’ ಎನ್ನುತ್ತಾರೆ. ಏಳನೇ ಕ್ಲಾಸಿನ ವರ್ಕ್‌ಶೀಟಿನಲ್ಲಿ ಇಂಥವನ್ನು ಕೇಳಬಾರದು ಎಂಬುದು ನನ್ನ ಅಭಿಪ್ರಾಯ.

ಧಾರವಾಡದ ಟೀಚರಮ್ಮ

ಕೇಳಿದರೂ ಎರಡಕ್ಕೂ ನಂಬರ್ ಕೊಡಬೇಕು. ಆದರೆ ಉತ್ತರಪತ್ರಿಕೆ ತಿದ್ದುವವರ ಕೈಯಲ್ಲಿ ಒಂದೇ ಉತ್ತರ ಇರುತ್ತದೆ, ಅಲ್ಲೇ ಜಗಳ. ಅದಕ್ಕೆ ನನ್ನ ಮಕ್ಕಳಿಗೆ ‘ಮೈಂ ಸಮಝಾ’ ಒಂದನ್ನೇ ಕಲಿಸುತ್ತೇನೆ.

ಮೈಸೂರು ವ್ಯಾಕರಣ

ಅದು ನನಗೆ ಸರಿ ಕಾಣುವುದಿಲ್ಲ ಮೇಡಂ. ಮಗು ಹೊರಗೆ ಎರಡನ್ನೂ ಕೇಳುತ್ತದೆ.

ಪುಣೆಯಲ್ಲಿ ಕನ್ನಡಿಗ

ಆಫೀಸಿನಲ್ಲಿ ದೆಹಲಿಯವರು ‘ಮೈಂನೇ ಜಾನಾ ಹೈ’ ಎನ್ನುತ್ತಾರೆ. ಬಿಹಾರದವರು ‘ನೇ’ ಬಿಟ್ಟೇ ಮಾತಾಡುತ್ತಾರೆ, ‘ಹಮ್ ಖಾನಾ ಖಾಯೇ’. ಹಿಂದಿಯವರೇ ಒಂದೊಂದು ಥರ ಹೇಳುವಾಗ ನಮ್ಮ ಮಕ್ಕಳಿಗೆ ಯಾಕೆ ಇಷ್ಟು ಕಾಟ?

ಮೈಸೂರು ವ್ಯಾಕರಣ

ಅವರವರ ಊರಿನ ಮಾತು ಅದರಲ್ಲಿ ಕಾಣುತ್ತದೆ. ಭೋಜಪುರಿ, ಮಗಹಿಗಳಲ್ಲಿ ಈ ‘ನೇ’ ಇಲ್ಲ. ‘ಮೈಂನೇ ಜಾನಾ ಹೈ’ ಪಂಜಾಬಿಯ ಪ್ರಭಾವ, ಪುಸ್ತಕದ ಹಿಂದಿಯಲ್ಲಿ ‘ಮುಝೇ ಜಾನಾ ಹೈ’. ವರ್ಕ್‌ಶೀಟ್ ಕೇಳುತ್ತಿರುವುದು ಬರವಣಿಗೆಯ ಹಿಂದಿ. ಕಲಬುರಗಿಯವರು ಹೇಳಿದ ಹಾಗೆ ಎರಡನ್ನೂ ಬೇರೆ ಇಟ್ಟುಕೊಳ್ಳಬೇಕು.

ತುಮಕೂರಿನ ಅಮ್ಮ

ಎಲ್ಲವನ್ನೂ ಮಗಳಿಗೆ ಓದಿ ಹೇಳಿದೆ. ‘ನನಗೆ ಪುಸ್ತಕ ಸಿಕ್ಕಿತು’ ಎಂಬಲ್ಲಿ ಅವಳು ಹಿಡಿದುಕೊಂಡಳು. ಈಗ ಬೇರೆ ಪ್ರಶ್ನೆ. ಬರಿದಾದ ಪದ ಸಿಕ್ಕ ಮೇಲೆ ಅದು ಗಂಡೋ ಹೆಣ್ಣೋ ಎಂದು ಹೇಗೆ ತಿಳಿಯುವುದು? ನಮಗೆ ರೊಟ್ಟಿ, ಪುಸ್ತಕ, ಮಾವು ಎಲ್ಲವೂ ‘ಅದು’.

ನಿವೃತ್ತ ಹಿಂದಿ ಮೇಷ್ಟ್ರು

ಅಮ್ಮಾ, ನಿಜವಾದ ಕಷ್ಟ ಇರುವುದು ಅಲ್ಲೇ. ‘ನೇ’ ನಿಯಮ ಒಂದು ವಾರದಲ್ಲಿ ಬರುತ್ತದೆ, ಲಿಂಗಕ್ಕೆ ವರ್ಷಗಳು ಬೇಕು. ‘ಈ’ ಇಂದ ಮುಗಿದರೆ ಹೆಣ್ಣು ಎನ್ನುತ್ತಾರೆ. ರೋಟೀ, ಚಿಟ್ಠೀ, ಗಾಡೀ ಸರಿ. ಆದರೆ ದಿನಾ ಅಡುಗೆಮನೆಯಲ್ಲಿರುವ ಪಾನೀ, ಘೀ, ದಹೀ ಮೂರೂ ಪುಲ್ಲಿಂಗ. ಪದವನ್ನು ಒಂಟಿಯಾಗಿ ಬರೆಸಬೇಡಿ, ವಿಶೇಷಣ ಸೇರಿಸಿ ಬರೆಸಿ. ಠಂಡಾ ಪಾನೀ, ಗರಮ್ ಎನ್ನಬೇಡಿ, ಅದು ಬದಲಾಗುವುದಿಲ್ಲ. ಅಚ್ಛೀ ಕಿತಾಬ್, ಮೀಠಾ ಆಮ್, ಮೀಠೀ ಚಾಯ್.

ಧಾರವಾಡದ ಟೀಚರಮ್ಮ

ಕನ್ನಡದ ಮಕ್ಕಳಿಗೆ ಇನ್ನೊಂದು ಅನುಕೂಲ ಇದೆ. ಸಂಸ್ಕೃತದಿಂದ ಬಂದು ನಮ್ಮಲ್ಲಿ ‘ಎ’ ಇಂದ ಮುಗಿಯುವ ಪದಗಳನ್ನು ನೋಡಿ: ಭಾಷೆ, ಪರೀಕ್ಷೆ, ಕವಿತೆ, ಯಾತ್ರೆ, ಪೂಜೆ, ಘಟನೆ. ಇವು ಹಿಂದಿಯಲ್ಲಿ ಭಾಷಾ, ಪರೀಕ್ಷಾ, ಕವಿತಾ. ‘ಆ’ ಇಂದ ಮುಗಿಯುತ್ತವೆ ಎಂದು ಮಗು ಪುಲ್ಲಿಂಗ ಮಾಡುತ್ತದೆ. ಮಾಡಬಾರದು, ಇವೆಲ್ಲ ಸ್ತ್ರೀಲಿಂಗ. ‘ಲಡ್ಕೇ ನೇ ಪರೀಕ್ಷಾ ದೀ’, ‘ರಮೇಶ್ ನೇ ಕವಿತಾ ಪಢೀ’. ಕನ್ನಡದಲ್ಲಿ ‘ಎ’ ಇದ್ದರೆ ಹಿಂದಿಯಲ್ಲಿ ಹೆಣ್ಣು ಎಂದು ಹೇಳಿಕೊಟ್ಟರೆ ಹತ್ತಾರು ಪದ ಒಟ್ಟಿಗೆ ಸಿಗುತ್ತವೆ. ಚಿತ್ರ, ಪತ್ರ, ಫಲ, ನಗರದಂಥ ‘ಅ’ ಕಾರದವು ಬಹುಪಾಲು ಪುಲ್ಲಿಂಗ. ‘ಸೀತಾ ನೇ ಚಿತ್ರ್ ಬನಾಯಾ’.

ಮೈಸೂರು ವ್ಯಾಕರಣ

ಇದು ಬಹಳ ಒಳ್ಳೆಯದು ಮೇಡಂ. ತಪ್ಪುವ ಎರಡು ಪದಗಳನ್ನೂ ಹೇಳಿಬಿಡಿ. ತಾರೆ ನಮ್ಮಲ್ಲಿ ‘ಎ’, ಹಿಂದಿಯ ‘ತಾರಾ’ ಮಾತ್ರ ಪುಲ್ಲಿಂಗ. ಪುಸ್ತಕ ‘ಅ’ ಕಾರದ್ದು, ಹಿಂದಿಯಲ್ಲಿ ‘ಪುಸ್ತಕ್’ ಸ್ತ್ರೀಲಿಂಗ. ವರ್ಕ್‌ಶೀಟುಗಳಲ್ಲಿ ಪುಸ್ತಕ್ ಬರದೇ ಇರುವುದಿಲ್ಲ.

ಕೋಲಾರದ ಚಿನ್ನ

ನಾನೂ ಒಂದು ಪ್ರಶ್ನೆ ಕೇಳುತ್ತೇನೆ. ‘ಉಸ್‌ನೇ ಚಿಟ್ಠೀ ಪಢೀ’ ಎಂದೂ ನೋಡಿದ್ದೇನೆ, ‘ಉಸ್‌ನೇ ಚಿಟ್ಠೀ ಕೋ ಪಢಾ’ ಎಂದೂ ನೋಡಿದ್ದೇನೆ. ಯಾವುದು ಸರಿ?

ನಿವೃತ್ತ ಹಿಂದಿ ಮೇಷ್ಟ್ರು

ಎರಡೂ ಸರಿ. ಎರಡನೆಯದರಲ್ಲಿ ಯಾವ ಚಿಟ್ಠೀ ಎಂದು ಇಬ್ಬರಿಗೂ ಗೊತ್ತಿದೆ, ಅದೇ ಪತ್ರ. ಮನುಷ್ಯರಾದರೆ ‘ಕೋ’ ಬರುವುದೇ ಹೆಚ್ಚು, ವಸ್ತುವಾದರೆ ಬರಿದಾಗಿರುವುದೇ ಹೆಚ್ಚು. ಲಿಂಗ ಗೊತ್ತಿಲ್ಲದಾಗ ಕೆಲವು ಜಾಣ ಮಕ್ಕಳು ಎಲ್ಲದಕ್ಕೂ ‘ಕೋ’ ಹಾಕಿ ‘ಆ’ ಬರೆದು ತಪ್ಪಿಸಿಕೊಳ್ಳುತ್ತಾರೆ. ‘ಲಡ್ಕೇ ನೇ ರೋಟೀ ಕೋ ಖಾಯಾ’. ವ್ಯಾಕರಣ ಕೆಟ್ಟಿಲ್ಲ, ಆದರೆ ಹಿಂದಿಯವರ ಕಿವಿಗೆ ಅದು ಒಪ್ಪುವುದಿಲ್ಲ.

ತುಮಕೂರಿನ ಅಮ್ಮ

ಮಗಳು ಆರನ್ನೂ ಮತ್ತೆ ಬರೆದಿದ್ದಾಳೆ. ಆರೂ ಸರಿ ಇವೆ. ಅವಳೇ ಏಳನೆಯದೊಂದು ಬರೆದು ಕೇಳುತ್ತಿದ್ದಾಳೆ: ‘ಮೈಂನೇ ರೋಟೀ ಔರ್ ಆಮ್ ಖಾಯಾ’. ಒಂದು ಹೆಣ್ಣು, ಒಂದು ಗಂಡು ಕರ್ಮ ಇದ್ದರೆ ಕ್ರಿಯಾಪದ ಯಾವುದರ ಜೊತೆ ಹೋಗಬೇಕು?

ನಿವೃತ್ತ ಹಿಂದಿ ಮೇಷ್ಟ್ರು

ಬರೆದದ್ದು ಸರಿ ಇದೆ. ವಸ್ತುಗಳಾದಾಗ ಸಾಮಾನ್ಯವಾಗಿ ಕ್ರಿಯಾಪದಕ್ಕೆ ಹತ್ತಿರ ಇರುವ ಪದದ ಜೊತೆ ಹೋಗುತ್ತದೆ. ತಿರುಗಿಸಿ ‘ಮೈಂನೇ ಆಮ್ ಔರ್ ರೋಟೀ ಖಾಯೀ’ ಎಂದೂ ಬರೆಸಿ ನೋಡಿ.

ಧಾರವಾಡದ ಟೀಚರಮ್ಮ

‘ಖಾಯೇ’ ಎಂದು ಬಹುವಚನ ಮಾಡುವವರೂ ಇದ್ದಾರೆ ಮೇಷ್ಟ್ರೇ. ನಮ್ಮ ಸ್ಟಾಫ್ ರೂಮಿನಲ್ಲೇ ಇದಕ್ಕೆ ಎರಡು ಪಕ್ಷ ಇದೆ.